ದಿನಕ್ಕೆ ಎರಡು ಸಾವಿರ ಮತ್ತು ಚಿಕ್ಕಪ್ಪನ ಬಿಲ್ಲು

ಊರಿನಲ್ಲಿ ರಿಟೈರಾದ ಮೇಷ್ಟ್ರೊಬ್ಬರು ಈಗ ಇನ್ಶೂರೆನ್ಸ್ ಏಜೆಂಟು. ಅವರು ಅಪ್ಪನ ಕೈಗೆ ಒಂದು ಬಣ್ಣದ ಕಾಗದ ಕೊಟ್ಟು ಹೋಗಿದ್ದರು. ಆಸ್ಪತ್ರೆಗೆ ಸೇರಿದರೆ ದಿನಕ್ಕೆ 2,000 ರೂಪಾಯಿ, ದೊಡ್ಡ ಕಾಯಿಲೆ ಬಂದರೆ ಒಂದೇ ಸಲಕ್ಕೆ 5 ಲಕ್ಷ, ವರ್ಷಕ್ಕೆ ಕಟ್ಟೋದು ಏಳು ಸಾವಿರದೊಳಗೆ. ನಾನು ನೋಡಿಟ್ಟಿದ್ದ ಮಾಮೂಲಿ ಮೆಡಿಕ್ಲೇಮ್‌ಗೆ, ಅಪ್ಪನ 56 ವಯಸ್ಸು ಮತ್ತು ಶುಗರ್ ಸೇರಿಸಿ, ಇಪ್ಪತ್ತನಾಲ್ಕು ಸಾವಿರ ಕೇಳುತ್ತಿದ್ದರು. ಅಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟೆ: "ನಿಂದ್ರಲ್ಲಿ ದುಡ್ಡು ಆಸ್ಪತ್ರೆಯವ್ರಿಗೆ ಹೋಗುತ್ತೆ ಕಣೋ. ಇದ್ರಲ್ಲಿ ನನ್ ಅಕೌಂಟಿಗೇ ಬರುತ್ತೆ."

ಎರಡರ ನಡುವಿನ ವ್ಯತ್ಯಾಸವನ್ನು ಅಪ್ಪ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು. ಇಂಡೆಮ್ನಿಟಿ ಪ್ಲಾನ್ ನೋಡೋದು ಬಿಲ್ಲನ್ನು. ಎಷ್ಟು ಖರ್ಚಾಯಿತೋ ಅಷ್ಟನ್ನು, ಪಾಲಿಸಿಯ ಮೊತ್ತದೊಳಗೆ, ಷರತ್ತುಗಳ ಪ್ರಕಾರ ಭರಿಸುತ್ತದೆ. ಫಿಕ್ಸೆಡ್ ಬೆನಿಫಿಟ್ ಪ್ಲಾನ್ ನೋಡೋದು ಘಟನೆಯನ್ನು. ಪಾಲಿಸಿಯಲ್ಲಿ ಬರೆದ ಘಟನೆ ನಡೆದರೆ ಬರೆದಷ್ಟು ದುಡ್ಡು, ಬಿಲ್ಲು ಹತ್ತು ಸಾವಿರವಾಗಲಿ ಹತ್ತು ಲಕ್ಷವಾಗಲಿ.

ಇದನ್ನು ಬಾಯಲ್ಲಿ ಹೇಳಿದರೆ ಅಪ್ಪ ಒಪ್ಪುವವರಲ್ಲ. ನಮ್ಮ ಮನೆಯಲ್ಲೇ ಒಂದು ನಿಜವಾದ ಬಿಲ್ ಇತ್ತು. ಚಿಕ್ಕಪ್ಪನಿಗೆ ನಡೆಯುವಾಗ ಎದೆ ಹಿಡಿದ ಹಾಗಾಗಿ, ಪರೀಕ್ಷೆ ಮಾಡಿಸಿದಾಗ ರಕ್ತನಾಳ ಕಟ್ಟಿಕೊಂಡಿದ್ದು ಗೊತ್ತಾಗಿ, ಒಂದು ಸ್ಟೆಂಟ್ ಹಾಕಿದ್ದರು. ಗುರುವಾರ ಬೆಳಿಗ್ಗೆ ಹತ್ತಕ್ಕೆ ಸೇರಿ ಸೋಮವಾರ ಮಧ್ಯಾಹ್ನ ಡಿಸ್ಚಾರ್ಜ್. ಒಟ್ಟು 2,12,000 ರೂಪಾಯಿ, ಇನ್ಶೂರೆನ್ಸ್ ಇರಲಿಲ್ಲ. ಹೊಸ ಕೋಡ್ ಬರೆದಾಗ ಹಳೇ ಡೇಟಾ ಮೇಲೆ ಓಡಿಸಿ ನೋಡ್ತೀವಲ್ಲ, ಹಾಗೆ ಈ ಬಿಲ್ಲನ್ನು ಎರಡೂ ಪಾಲಿಸಿಗಳ ಮೇಲೆ ಓಡಿಸಿದೆ.

ಮೊದಲು ಮೇಷ್ಟ್ರ ಪಾಲಿಸಿ. ದಿನ ಅಂದರೆ ಪೂರ್ತಿ 24 ಗಂಟೆ. ಚಿಕ್ಕಪ್ಪ ಇದ್ದದ್ದು ನೂರು ಗಂಟೆ, ಅಂದರೆ ನಾಲ್ಕು ದಿನ. ಐಸಿಯುನಲ್ಲಿದ್ದರೆ ದಿನಕ್ಕೆ ಡಬಲ್ ಅಂತ ದಪ್ಪ ಅಕ್ಷರದಲ್ಲಿತ್ತು. ಆದರೆ ಮೊದಲ ದಿನಕ್ಕೆ ದುಡ್ಡಿಲ್ಲ ಅಂತ ಸಣ್ಣ ಅಕ್ಷರದಲ್ಲಿತ್ತು, ಚಿಕ್ಕಪ್ಪ ಐಸಿಯುನಲ್ಲಿದ್ದದ್ದು ಆ ಮೊದಲ ದಿನವೇ. ಉಳಿದದ್ದು ಮೂರು ದಿನ, 6,000 ರೂಪಾಯಿ.

"ಅದಿರ್ಲಿ, ಹಾರ್ಟಿಗೆ ಐದು ಲಕ್ಷ ಕೊಡ್ತಾರಲ್ಲ?" ಅಂದರು ಅಪ್ಪ. ಬಹಳ ಜನ ಸಿಕ್ಕಿಬೀಳೋದು ಇಲ್ಲೇ. ಈ ಕ್ರಿಟಿಕಲ್ ಇಲ್‌ನೆಸ್ ಪ್ಲಾನುಗಳಲ್ಲಿ ಮುಖ್ಯ ಕಾಯಿಲೆಗಳಿಗೆ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಗೊತ್ತುಮಾಡಿದ ವ್ಯಾಖ್ಯೆ ಇರುತ್ತದೆ. ಹೃದಯಾಘಾತ ಅಂತ ಎಣಿಸಬೇಕಾದರೆ ಎದೆನೋವಿನ ಜೊತೆ ಇಸಿಜಿಯಲ್ಲಿ ಹೊಸ ಬದಲಾವಣೆ, ರಕ್ತದಲ್ಲಿ ಟ್ರೋಪೋನಿನ್‌ನಂಥ ಅಂಶ ಏರಿದ ದಾಖಲೆ ಬೇಕು. ಬರೀ ಆಂಜೈನಾ ಲೆಕ್ಕಕ್ಕಿಲ್ಲ. ಬೈಪಾಸ್ ಅಂದರೆ ಎದೆ ತೆರೆದು ಮಾಡುವ ಆಪರೇಷನ್, ಆಂಜಿಯೋಪ್ಲಾಸ್ಟಿ ಅದರಲ್ಲಿ ಸೇರೋದಿಲ್ಲ ಅಂತ ನೇರವಾಗಿಯೇ ಬರೆದಿದೆ. ಕೆಲವು ಪ್ಲಾನುಗಳಲ್ಲಿ ಆಂಜಿಯೋಪ್ಲಾಸ್ಟಿಗೆ ಸಣ್ಣ ಮೊತ್ತ ಬೇರೆ ಇಟ್ಟಿರುತ್ತಾರೆ, ಇದರಲ್ಲಿ ಇರಲಿಲ್ಲ. ಚಿಕ್ಕಪ್ಪನಿಗೆ ಅಟ್ಯಾಕ್ ಆಗುವ ಮೊದಲೇ ಸ್ಟೆಂಟ್ ಹಾಕಿದ್ದರು. ಡಾಕ್ಟರು ಸರಿಯಾದ ಹೊತ್ತಿಗೆ ಕೆಲಸ ಮಾಡಿದ್ದರಿಂದ ಈ ಪಾಲಿಸಿಯಲ್ಲಿ ಸಿಗೋದು ಸೊನ್ನೆ. ಒಟ್ಟು ಅದೇ 6,000.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸರಿ, ನಿಂದ್ರಲ್ಲಿ ಎಷ್ಟ್ ಬರ್ತಿತ್ತು ಹೇಳು" ಅಂದರು.

ಇಂಡೆಮ್ನಿಟಿ ಪ್ಲಾನಾದರೆ ಎರಡು ಲಕ್ಷ ಚಿಲ್ಲರೆಯೂ ಬಂದುಬಿಡುತ್ತದೆ ಅಂದುಕೊಳ್ಳೋದೂ ತಪ್ಪು. ನಾನು ನೋಡಿದ್ದ ಎರಡು ಪ್ಲಾನುಗಳಲ್ಲಿ ಅಗ್ಗದ್ದು 5 ಲಕ್ಷದ್ದು. ಅದರಲ್ಲಿ ರೂಮ್ ಬಾಡಿಗೆಗೆ ದಿನಕ್ಕೆ ಶೇ. 1ರ ಮಿತಿ, ಅಂದರೆ 5,000. ಚಿಕ್ಕಪ್ಪ ಇದ್ದದ್ದು 8,000ದ ರೂಮು. ಮೂರು ದಿನಕ್ಕೆ ಮೂರು ಸಾವಿರದಂತೆ ಒಂಬತ್ತು ಸಾವಿರ ಕೈಯಿಂದ ಹಾಕಿದರಾಯ್ತು ಅನಿಸುತ್ತದೆ. ಆದರೆ ಆಸ್ಪತ್ರೆಯಲ್ಲಿ ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲಾ ರೂಮಿನ ದರ್ಜೆಗೆ ತಕ್ಕ ಹಾಗೆ ಏರುತ್ತವೆ. ಹಾಗಾಗಿ ಕಂಪನಿಯವರು ಅವನ್ನೂ ಅದೇ ಅನುಪಾತದಲ್ಲಿ, ಎಂಟಕ್ಕೆ ಐದರಂತೆ, ಕತ್ತರಿಸುತ್ತಾರೆ. ಔಷಧಿ, ಸ್ಟೆಂಟ್, ಟೆಸ್ಟುಗಳು, ಐಸಿಯು ಬಾಡಿಗೆ ಇವುಗಳಿಗೆ ಈ ಕತ್ತರಿ ಹಾಕುವ ಹಾಗಿಲ್ಲ.

ಬಿಲ್ಲನ್ನು ಬಿಡಿಸಿದೆ. ರೂಮ್ ಬಾಡಿಗೆ 24,000ದಲ್ಲಿ ಬರೋದು 15,000. ಡಾಕ್ಟರು, ಥಿಯೇಟರು, ನರ್ಸಿಂಗ್ ಸೇರಿ 96,000, ಅದರಲ್ಲಿ ಬರೋದು 60,000. ಔಷಧಿ, ಸ್ಟೆಂಟ್, ಟೆಸ್ಟು, ಒಂದು ದಿನದ ಐಸಿಯು 84,000, ಅದು ಪೂರ್ತಿ. ಗ್ಲೌಸು, ರಿಜಿಸ್ಟ್ರೇಷನ್ನು ಅಂತ 8,000 ಇತ್ತು, ಅದು ನಾನು ನೋಡಿದ್ದ ಎರಡರಲ್ಲೂ ಬರೋದಿಲ್ಲ. ಒಟ್ಟು 1,59,000. ಕೈಯಿಂದ 53,000. ರೂಮ್ ಬಾಡಿಗೆಗೆ ಮಿತಿಯೇ ಇಲ್ಲದ ಇನ್ನೊಂದು ಪ್ಲಾನಿನಲ್ಲಿ ಇದೇ ಬಿಲ್ಲಿಗೆ 2,04,000 ಬರುತ್ತಿತ್ತು, ಕೈಯಿಂದ ಎಂಟೇ ಸಾವಿರ. ಅಪ್ಪನಿಗೆ ಇಪ್ಪತ್ತನಾಲ್ಕು ಸಾವಿರ ಕೇಳಿದ್ದು ಇದಕ್ಕೇ. ಅಗ್ಗದ್ದರಲ್ಲಿ ನಾಲ್ಕು ಸಾವಿರ ಕಡಿಮೆ ಇತ್ತು. ಪ್ರೀಮಿಯಮ್ ಹೋಲಿಸುವ ವೆಬ್‌ಸೈಟುಗಳಲ್ಲಿ ಎದ್ದು ಕಾಣೋದು ಈ ನಾಲ್ಕು ಸಾವಿರವೇ ಹೊರತು ಆ ನಲವತ್ತೈದು ಸಾವಿರ ಅಲ್ಲ.

ಶುಗರ್ ವಿಷಯಕ್ಕೆ ಬಂದರೆ, ಮೊದಲೇ ಇರುವ ಕಾಯಿಲೆ ಮತ್ತು ಅದರಿಂದಲೇ ನೇರವಾಗಿ ಹುಟ್ಟುವ ತೊಂದರೆಗಳಿಗೆ ಇಂಡೆಮ್ನಿಟಿ ಪ್ಲಾನಿನಲ್ಲಿ ಮೂರು ವರ್ಷದವರೆಗೆ ಕಾಯಬೇಕಾಗಬಹುದು. ಅದಕ್ಕಿಂತ ಹೆಚ್ಚು ಕಾಯಿಸುವ ಹಾಗಿಲ್ಲ ಅಂತ 2024ರಲ್ಲಿ ನಿಯಮ ಬಂದಿದೆ. 56ಕ್ಕೆ ಶುರು ಮಾಡಿದರೆ 59ಕ್ಕೆ ಆ ಗೋಡೆ ದಾಟುತ್ತದೆ, 60ಕ್ಕೆ ನೋಡೋಣ ಅಂದರೆ 63. "ಶುಗರ್ ಬರೀಬೇಡಿ ಬಿಡಿ, ಮಾತ್ರೇಲಿ ಕಂಟ್ರೋಲಲ್ಲಿದೆಯಲ್ಲ" ಅಂತ ಮೇಷ್ಟ್ರು ಅಂದಿದ್ದರಂತೆ. ಮುಚ್ಚಿಟ್ಟದ್ದು ಗೊತ್ತಾದರೆ ಕ್ಲೇಮ್ ತಿರಸ್ಕರಿಸಲು ಮೊದಲ ಐದು ವರ್ಷ ಕಂಪನಿಗೆ ಅವಕಾಶವಿದೆ, ವಂಚನೆ ಅಂತ ಸಾಬೀತಾದರೆ ಆಮೇಲೂ ಇದೆ. ಎಷ್ಟು ವರ್ಷದಿಂದ ಮಾತ್ರೆ ಅಂತ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿಯೇ ಕೇಳುತ್ತಾರೆ, ಅಪ್ಪ ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ, ಅದು ಕೇಸ್ ಶೀಟಿನಲ್ಲಿ ದಾಖಲಾಗುತ್ತದೆ.

ಇಷ್ಟೆಲ್ಲ ಆದಮೇಲೂ ಅಪ್ಪನ ಮೊದಲ ಮಾತಿನಲ್ಲಿ ತಿರುಳಿತ್ತು ಅಂತಲೇ ನನ್ನ ಅಭಿಪ್ರಾಯ. ಚಿಕ್ಕಪ್ಪ ಆಸ್ಪತ್ರೆಯಲ್ಲಿದ್ದದ್ದು ಅಡಿಕೆ ಕೊಯ್ಲಿನ ಹೊತ್ತು. ಕೊನೆಗಾರರಿಗೆ ಕೂಲಿ, ಚಿಕ್ಕಮ್ಮನ ಓಡಾಟ, ಹೋಟೆಲ್ ಊಟ, ವಾಪಸ್ ಬರೋಕೆ ಟ್ಯಾಕ್ಸಿ, ಇದ್ಯಾವುದೂ ಆಸ್ಪತ್ರೆಯ ಬಿಲ್ಲಿನಲ್ಲಿ ಬರೋದಿಲ್ಲ. ಯಾವ ಇಂಡೆಮ್ನಿಟಿ ಪಾಲಿಸಿಯೂ ಅದನ್ನು ಕೊಡೋದಿಲ್ಲ. ಸಂಬಳದವನಾದ ನನಗೆ ಸಿಕ್ ಲೀವ್ ಇದೆ, ತೋಟದವರಿಗೆ ಅದಿಲ್ಲ. ಕ್ಯಾನ್ಸರ್‌ನಂಥದ್ದು ಬಂದು ಆರು ತಿಂಗಳು ತೋಟಕ್ಕೆ ಇಳಿಯೋಕಾಗದಿದ್ದರೆ ಆ ಒಂದೇ ಗಂಟಿನ ದುಡ್ಡು ನಿಜಕ್ಕೂ ಕೈ ಹಿಡಿಯುತ್ತದೆ. ಮೆಡಿಕ್ಲೇಮಿನಿಂದ ಬಿಲ್ ತೀರಿದ್ದರೂ ಫಿಕ್ಸೆಡ್ ಪ್ಲಾನಿನ ದುಡ್ಡು ಬೇರೆಯಾಗಿ, ಪೂರ್ತಿಯಾಗಿ ಬರುತ್ತದೆ, ಒಂದು ಕಡೆ ಕೊಟ್ಟರು ಅಂತ ಇನ್ನೊಂದು ಕಡೆ ಕಡಿಯೋದಿಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ಅದು ಎರಡನೇ ಪಾಲಿಸಿ. ಅದೊಂದನ್ನೇ ಇಟ್ಟುಕೊಂಡು 2,12,000ದ ಬಿಲ್ಲಿನ ಮುಂದೆ ನಿಲ್ಲೋಕಾಗೋದಿಲ್ಲ.

ಅಪ್ಪ ಕೊನೆಗೆ ರೂಮ್ ಮಿತಿ ಇಲ್ಲದ ಮೆಡಿಕ್ಲೇಮ್ ಮಾಡಿಸಿದರು, ಶುಗರ್ ಬರೆದೇ. ಮೇಷ್ಟ್ರ ದಿನದ ದುಡ್ಡಿನ ಪ್ಲಾನ್ ಬೇಡ, ದೊಡ್ಡ ಕಾಯಿಲೆಯದ್ದು ಮಾತ್ರ ಮೂರು ವರ್ಷಕ್ಕೆ ಇರಲಿ ಅಂದರು. ಅದಕ್ಕೂ ಶುಗರ್ ಬರೆದು ಅರ್ಜಿ ಹಾಕಿದ್ದಾಯಿತು, ಕಂಪನಿಯವರು ರಕ್ತಪರೀಕ್ಷೆ ಕೇಳಿದ್ದಾರೆ. ಈಗ ಅಪ್ಪನ ತಕರಾರು ಬೇರೆಯೇ: ಕ್ಯಾಶ್‌ಲೆಸ್ ಆಸ್ಪತ್ರೆಗಳ ಪಟ್ಟಿಯಲ್ಲಿ ನಮ್ಮ ತಾಲೂಕಿನದ್ದು ಒಂದೇ ಇದೆಯಂತೆ, ಅದೂ ಕಣ್ಣಿನ ಆಸ್ಪತ್ರೆ.