ದೊಡ್ಡ ಎ.ಸಿ. ತರೂಕಿಂತ ಮೊದ್ಲ ಛತ್ತು ಮುಟ್ಟಿ ನೋಡ್ರಿ

ನಮ್ಮದು ಕಲಬುರಗ್ಯಾಗ ಒಂದೇ ಅಂತಸ್ತಿನ ಆರ್.ಸಿ.ಸಿ. ಮನಿ. ಪಶ್ಚಿಮದ ಖೋಲ್ಯಾಗ ಮಾವನೋರು ಮಲಗ್ತಾರ. ಅಲ್ಲಿ ಒಂದು ಟನ್ನಿನ ಎ.ಸಿ. ಅದ. ಹೋದ ಮೇ ತಿಂಗಳದಾಗ ರಾತ್ರಿ 12 ಆದ್ರೂ ಅದು ಒಂದೇ ಸಮ ಓಡ್ತಿತ್ತು, ಪಾಪ ಮಾವನೋರಿಗೆ ನಿದ್ದಿ ಇಲ್ಲ. ರಿಪೇರಿಗೆ ಬಂದಾತ ನೋಡಿ, "ಅಕ್ಕಾರ, ಎರಡು ಟನ್ನಿಂದು ಹಾಕಸ್ರಿ" ಅಂದ. ಬಿಸಿ ಎಲ್ಲಿಂದ ಬರ್ತದ ಅನ್ನೂದು ಮೊದ್ಲ ನೋಡೂಣು ಅಂದೆ ನಾನು.

ನೋಡೂದು ಸರಳ ಅದ. ಸಂಜಿ 4ಕ್ಕ ಕಿಟಕಿ ಪರದೆಗೆ ಕೈ ಹಚ್ಚಿದ್ರ ಸುಡ್ತಿತ್ತು. ರಾತ್ರಿ 9ಕ್ಕ ಸ್ಟೂಲ್ ಮ್ಯಾಲ ನಿಂತು ಛತ್ತು ಮುಟ್ಟಿದ್ರ ಗ್ವಾಡಿಕಿಂತ ಬಿಸಿ. ಅಂದ್ರ ಕಳ್ಳರು ಇಬ್ಬರು.

ಕಿಟಕಿ 4 ಫೂಟಿಗೆ 5 ಫೂಟು. ಅಷ್ಟು ಸಾದಾ ಗಾಜಿನ್ಯಾಗಿಂದ ಸಂಜಿ ಬಿಸಲು ಸುಮಾರು 1,000 ವ್ಯಾಟಿನಷ್ಟು ಶಾಖ ತರ್ತದ, ಇಸ್ತ್ರಿಪೆಟಗಿ ಹಚ್ಚಿಟ್ಟಂಗ. ಒಂದು ಟನ್ನಿನ ಎ.ಸಿ. ಹೊರಗ ಹಾಕೂದೇ ಸುಮಾರು 3,500 ವ್ಯಾಟು. ಪರದೆ ಒಳಗಿರೂದರಿಂದ ಅದಕ್ಕ ತಾಗಿದ ಬಿಸಿ ಬಹಳಷ್ಟು ಒಳಗೇ ಉಳೀತದ. ಪಶ್ಚಿಮದ ಬಿಸಲು ಓರೆಯಾಗಿ ಬರ್ತದಂತ ಸಜ್ಜಾನೂ ಸಾಲೂದಿಲ್ಲ. ಅದಕ್ಕ ಹೊರಗೇ ಬಿದಿರಿನ ತಟ್ಟಿ ಇಳಿಬಿಟ್ವಿ, ಗಾಜಿಗೂ ಅದಕ್ಕೂ ನಡುವ ಗಾಳಿ ಆಡ್ಲಿ ಅಂತ ಗೇಣು ಜಾಗ ಬಿಟ್ಟು. ಹೊರಗ ಕಟ್ಟಾಕ ಬರದಿದ್ದವರು ಗಾಜಿಗೆ ಫಿಲ್ಮ್ ಹಚ್ಚಸಬಹುದು. ಆದ್ರ ಬರೇ ಕರೀ ಫಿಲ್ಮ್ ಬ್ಯಾಡ್ರಿ. ಅದು ಬಿಸಲು ಹೀರಿ ಗಾಜನ್ನೇ ಕಾಯಿಸ್ತದ, ಅರ್ಧ ನೆರಳು ಅರ್ಧ ಬಿಸಲು ಬಿದ್ದಲ್ಲಿ ಗಾಜು ಸೀಳಬಹುದು. ಶಾಖ ತಿರುಗಿಸಿ ಕಳಸೂ ಫಿಲ್ಮ್ ಕೇಳ್ರಿ.

ಇನ್ನ ಛತ್ತು. ಹಗಲೆಲ್ಲ ಕುಡದ ಬಿಸಲನ್ನ ಸ್ಲ್ಯಾಬು ರಾತ್ರಿ ಕೆಳಗ ಕಾರ್ತದ. ಮಾಳಗಿ ಮ್ಯಾಲಿನ ಬಿರುಕು ಮುಚ್ಚಿ, ತಿಕ್ಕಿ ತೊಳದು, ಪೂರಾ ಒಣಗಿದ ಮ್ಯಾಲ ಬಿಸಲು ತಿರುಗಿಸೂ ಬಿಳೀ ಬಣ್ಣ ಎರಡು ಕೋಟ್ ಹೊಡಸಿದ್ವಿ. ಮುಂಜಾನೆ ತಂಪಿನ್ಯಾಗೇ ಹೊಡೀಬೇಕು. ಕಾದ ಸ್ಲ್ಯಾಬಿನ ಮ್ಯಾಲ ಹೊಡದ್ರ ಬಣ್ಣ ಗಬಕ್ಕನ ಒಣಗಿ ಹಿಡಿಯೂದಿಲ್ಲ. ಧೂಳು ಕುಂತು ಬೂದಿ ಬಣ್ಣಕ್ಕ ತಿರುಗಿದ್ರ ಅರ್ಧ ಗುಣ ಹೋದಂಗ, ಅದಕ್ಕ ಪ್ರತಿ ವರ್ಷ ಫೆಬ್ರುವರ್ಯಾಗ ತೊಳೀಬೇಕು. ಬಣ್ಣ ತಡಿಯೂದು ಬಿಸಲನ್ನ ಅಷ್ಟ, ಕಾದ ಗಾಳಿಯನ್ನಲ್ಲ. ಅದಕ್ಕ ಸ್ಲ್ಯಾಬಿನ ಮ್ಯಾಲ ಎರಡಿಂಚಿನ ಗಟ್ಟಿ ಫೋಮ್ ಹಲಗಿ ಹಾಸಿ, ಮ್ಯಾಲ ಬಿಳೀ ಟೈಲ್ಸ್ ಕೂಡಸಬೇಕು. ಖರ್ಚು ಜಾಸ್ತಿ. ಮಾಳಗಿ ಸೋರಿ ವಾಟರ್‌ಪ್ರೂಫಿಂಗ್ ಮಾಡಸೂ ವರ್ಷ ಅದನ್ನೂ ಮಾಡಸೂಣು ಅಂತ ಇಟ್ಟೀವಿ.

ಈ ಮೇ ತಿಂಗಳದಾಗ ಅದೇ ಎ.ಸಿ. ರಾತ್ರಿ 10ರ ಸುಮಾರಿಗೆ ಕಂಪ್ರೆಸರ್ ನಿಲ್ಲಸಿ, ಮತ್ತ ಹಚ್ಚಿ, ಮತ್ತ ನಿಲ್ಲಸ್ತದ. ಖೋಲಿ ಅದರ ಕೈಯಾಗ ಬಂದದ ಅನ್ನಾಕ ಅದೇ ಗುರುತು. ಇಷ್ಟೆಲ್ಲಾ ಮಾಡಿದ ಮ್ಯಾಲೂ ನಿಲ್ಲದಿದ್ರ, ಬಾಗಲ ಸಂದಿ ಮತ್ತ ಗ್ಯಾಸ್ ನೋಡಸ್ರಿ. ಅವೂ ಸರಿ ಇದ್ರ ಆಗ ದೊಡ್ಡದರ ಮಾತು. ಜರೂರಿಗಿಂತ ದೊಡ್ಡದು ತಂದ್ರ ಲಗೂನ ತಣ್ಣಗ ಮಾಡಿ ನಿಂತುಬಿಡ್ತದ. ಮಳಿಗಾಲದ ಜಿಗಿಜಿಗಿ ಪೂರಾ ಹೋಗೂದಿಲ್ಲ.