ಒಂದು ಕೆಜಿ ಮಾವಿನಕಾಯಿಗೆ ಎಷ್ಟು ಲೋಟ ಉಪ್ಪು?

ಹೋದ ವರ್ಷ ಮಾಂಬಳ್ಳಿಯ ಮನೆಯಲ್ಲಿ ಹಾಕಿದ್ದ ಆವಕಾಯಿ ಉಪ್ಪಿನಕಾಯಿಗೆ ಒಂದೂವರೆ ತಿಂಗಳಿಗೇ ಬೂಷ್ಟು ಬಂತು. ಜಾಡಿಯ ಮುಚ್ಚಳ ತೆಗೆದರೆ ಮೇಲೆಲ್ಲ ಬಿಳಿ ಹತ್ತಿಯಂಥದ್ದು, ಜೊತೆಗೆ ಮುಗ್ಗಲು ವಾಸನೆ. ವರ್ಷಪೂರ್ತಿ ಕೂಲಿಗೆ ಹೋಗುವಾಗ ಬುತ್ತಿಗೆ ಆಗಬೇಕಿದ್ದ ಉಪ್ಪಿನಕಾಯಿ ತಿಪ್ಪೆ ಸೇರಿತು. ಪಕ್ಕದ ಮನೆಯ ಅಜ್ಜಿ ಬಂದು ನೋಡಿ, ‘ಮುಟ್ಟಾದವ್ರು ಯಾರೋ ಜಾಡಿ ಮುಟ್ಟವ್ರೆ’ ಅಂದುಬಿಟ್ಟರು. ಆ ಮನೆಯಲ್ಲಿ ಮುಟ್ಟಾಗುವವಳು ಅತ್ತಿಗೆ ಒಬ್ಬಳೇ. ಅವ್ವ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಅವತ್ತಿನಿಂದ ಜಾಡಿ ಇಡುವ ಮೂಲೆಗೆ ಅತ್ತಿಗೆ ಹೋಗುವ ಹಾಗಿರಲಿಲ್ಲ.

ಇದನ್ನು ಬರೆಯುತ್ತಿರುವ ನಾವು ಇಬ್ಬರು, ಒಟ್ಟಿಗೆ ಓದಿದವರು. ಒಬ್ಬಳ ಮನೆ ಮಾಂಬಳ್ಳಿ, ಇನ್ನೊಬ್ಬಳ ಊರು ಪಾವಗಡದ ಕಡೆ, ಮನೆಮಾತು ತೆಲುಗು. ಮಾಂಬಳ್ಳಿ ಮನೆಗೆ ಆವಕಾಯಿ ಬಂದದ್ದು ಪಾವಗಡದ ಅಮ್ಮನಿಂದ. ತೆಲುಗಿನಲ್ಲಿ ‘ಆವ’ ಅಂದರೆ ಸಾಸಿವೆ. ನಮ್ಮ ಕಡೆ ಸಾಸಿವೆ, ಮೆಂತ್ಯ ಹುರಿದು, ಒಗ್ಗರಣೆ ಹಾಕಿ ಮಾಡುತ್ತಾರೆ. ಆವಕಾಯಿಯಲ್ಲಿ ಹಸಿ ಸಾಸಿವೆಯನ್ನು ಹಾಗೇ ಪುಡಿ ಮಾಡಿ ಹಾಕುತ್ತಾರೆ. ಹೋಳನ್ನು ಸಿಪ್ಪೆ ಮತ್ತು ವಾಟೆಯ ಗಟ್ಟಿ ಚಿಪ್ಪಿನ ಸಮೇತ ಕತ್ತರಿಸುತ್ತಾರೆ. ಚಿಪ್ಪು ಇದ್ದರೆ ಹೋಳು ವರ್ಷವಾದರೂ ಕರಗುವುದಿಲ್ಲ.

ಪಾವಗಡದ ಅಮ್ಮ ಫೋನಿನಲ್ಲಿ ಹೇಳಿದ್ದು ಸುಲಭದ ಲೆಕ್ಕ. ಒಂದು ಕೆಜಿ ಹೋಳಿಗೆ ಒಂದು ಲೋಟ ಉಪ್ಪು, ಒಂದು ಲೋಟ ಖಾರದಪುಡಿ, ಒಂದು ಲೋಟ ಸಾಸಿವೆ ಪುಡಿ, ಎಣ್ಣೆ ಒಂದೂವರೆಯಿಂದ ಎರಡು ಲೋಟ. ಅತ್ತಿಗೆ ಅದನ್ನು ಕ್ಯಾಲೆಂಡರ್ ಹಿಂದೆ ಬರೆದುಕೊಂಡು ಹಾಗೇ ಮಾಡಿದ್ದಳು. ಎಣ್ಣೆ ದುಬಾರಿ ಅಂತ ಒಂದೇ ಲೋಟ ಹಾಕಿದ್ದಳು, ಅಷ್ಟೇ ವ್ಯತ್ಯಾಸ. ಹಾಗಾದರೆ ಕೆಟ್ಟದ್ದು ಯಾಕೆ?

ಈ ವರ್ಷ ಮಾವಿನಕಾಯಿ ಬರುವ ಹೊತ್ತಿಗೆ ನಾವಿಬ್ಬರೂ ಮಾಂಬಳ್ಳಿಯಲ್ಲಿ ಸೇರಿದೆವು. ಪಾವಗಡದ ಮನೆಯ ಲೋಟವನ್ನೂ ಬ್ಯಾಗಿನಲ್ಲಿ ತಂದಿದ್ದೆವು. ಅಂಗಡಿಯಿಂದ ಒಂದು ಗಂಟೆಗೆ ಅಂತ ಕರೆಂಟ್ ತಕ್ಕಡಿ ಕೇಳಿ ತಂದು ಜಗಲಿ ಮೇಲೆ ಇಟ್ಟೆವು. ಮಾಂಬಳ್ಳಿ ಮನೆಯ ಲೋಟ ಚಿಕ್ಕದು, 150 ಎಂಎಲ್ ಹಿಡಿಯುತ್ತದೆ. ಅದರ ತುಂಬ ಕಲ್ಲುಪ್ಪು ಹಾಕಿ ತೂಗಿದರೆ 135 ಗ್ರಾಂ. ಅದೇ ಲೋಟಕ್ಕೆ ಪುಡಿ ಉಪ್ಪು ಹಾಕಿದರೆ 180 ಗ್ರಾಂ. ಕಲ್ಲುಪ್ಪಿನ ಹರಳುಗಳ ನಡುವೆ ಸಂದು ಇರುತ್ತದೆ, ಆ ಸಂದಿನಲ್ಲಿ ಇರುವುದು ಬರೀ ಗಾಳಿ. ಇನ್ನು ಪಾವಗಡದ ಲೋಟ 200 ಎಂಎಲ್‌ದು. ಅಲ್ಲಿ ಕಲ್ಲುಪ್ಪನ್ನು ಬಿಸಿಲಿಗೆ ಒಣಗಿಸಿ, ಕುಟ್ಟಿ ಪುಡಿ ಮಾಡಿ ಅಳೆಯುತ್ತಾರೆ. ಆ ಲೋಟದ ಉಪ್ಪು 240 ಗ್ರಾಂ ತೂಗಿತು.

ಎರಡು ಮನೆಯಲ್ಲೂ ಒಂದು ಲೋಟ. ಅಲ್ಲಿ 240, ಇಲ್ಲಿ 135. ತಕ್ಕಡಿಯ ಮೇಲಿನ ನಂಬರನ್ನು ಅವ್ವ ಬಗ್ಗಿ ಎರಡು ಸಲ ನೋಡಿದರು. ‘ಅಂಗಾರೆ ಅರ್ಧಕ್ಕರ್ಧ ಕಮ್ಮಿ ಬಿದ್ದದೆ’ ಅಂದರು. ಅತ್ತಿಗೆ ಏನೂ ಮಾತಾಡಲಿಲ್ಲ, ಖಾರದಪುಡಿಯ ಡಬ್ಬಿ ತಂದು ಮುಂದಿಟ್ಟಳು.

ಖಾರದಪುಡಿ ಇನ್ನೂ ಹಗುರ. ಮಾಂಬಳ್ಳಿ ಲೋಟದ ತುಂಬ ಹಾಕಿದರೂ 70 ಗ್ರಾಂ ದಾಟಲಿಲ್ಲ. ಅಂದರೆ ‘ಸಮ ಸಮ’ ಅನ್ನುವ ಮಾತು ಲೋಟಕ್ಕೆ ಮಾತ್ರ ಸರಿ, ಗ್ರಾಮಿಗೆ ಅಲ್ಲ. ಲೋಟದ ಲೆಕ್ಕ ಕೇಳಿಸಿಕೊಂಡು ಉಪ್ಪು ಇನ್ನೂರು ಗ್ರಾಂ, ಖಾರವೂ ಇನ್ನೂರು ಗ್ರಾಂ ಅಂತ ತೂಗಿ ಹಾಕಿದರೆ ಬಾಯಿ ಉರಿದುಹೋಗುತ್ತದೆ.

ಕೊನೆಗೆ ನಾವು ಒಪ್ಪಿದ ತೂಕ ಇದು. ಒಂದು ಕೆಜಿ ಹೋಳಿಗೆ 200 ಗ್ರಾಂ ಉಪ್ಪು, 150 ಗ್ರಾಂ ಖಾರದಪುಡಿ, 150 ಗ್ರಾಂ ಸಾಸಿವೆ ಪುಡಿ, 400 ಎಂಎಲ್ ಒಳ್ಳೆಣ್ಣೆ. ಒಂದು ಹಿಡಿ ಮೆಂತ್ಯ, ಬೆಳ್ಳುಳ್ಳಿ ನಿಮ್ಮ ಇಷ್ಟ. ಕೆಜಿ ಅಂದರೆ ಸಂತೆಯಲ್ಲಿ ತಂದ ಕಾಯಿಯ ತೂಕವಲ್ಲ. ನಾವು ತಂದದ್ದು ಐದು ಕೆಜಿ ನಾಟಿ ಹುಳಿಮಾವು. ಒಳಗಿನ ಬೀಜ, ಅದರ ಪೊರೆ, ಚಿಪ್ಪು ಬಿಟ್ಟುಹೋದ ಹೋಳು ಎಲ್ಲ ತೆಗೆದ ಮೇಲೆ ಉಳಿದದ್ದು ನಾಲ್ಕು ಕೆಜಿ. ಹಾಗಾಗಿ ಉಪ್ಪು 800 ಗ್ರಾಂ, ಖಾರದಪುಡಿ 600, ಸಾಸಿವೆ 600, ಎಣ್ಣೆ ಒಂದು ಲೀಟರ್ 600 ಎಂಎಲ್. ಗಿಣಿಮೂತಿ ಕಾಯಿ ಆಗುವುದಿಲ್ಲವಾ ಅಂತ ಕೇಳಬಹುದು. ಆಗುತ್ತದೆ, ಆದರೆ ಹುಳಿ ಕಮ್ಮಿ. ಹುಳಿಯೂ ಉಪ್ಪಿನ ಜೊತೆ ಕಾಯುವ ಕೆಲಸ ಮಾಡುತ್ತದೆ, ಅದಕ್ಕೇ ನಾವು ನಾಟಿಯನ್ನೇ ಹುಡುಕಿದೆವು.

ಇದರಲ್ಲಿ ಖಾರ ನಿಮ್ಮ ನಾಲಿಗೆಗೆ ಬಿಟ್ಟದ್ದು. ನಾವು ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಬೆರೆಸಿದೆವು. ಮಕ್ಕಳಿರುವ ಮನೆಯಲ್ಲಿ ಖಾರ ನೂರು ಗ್ರಾಮಿಗೆ ಇಳಿಸಿದರೂ ಉಪ್ಪಿನಕಾಯಿ ಕೆಡುವುದಿಲ್ಲ. ಉಪ್ಪು ಮಾತ್ರ ಹಾಗಲ್ಲ. ಮಾವಿನಹೋಳಿನ ಬಹುಪಾಲು ನೀರು. ಉಪ್ಪು ಆ ನೀರನ್ನು ಹೊರಗೆ ಎಳೆದು ಅದರಲ್ಲೇ ಕರಗುತ್ತದೆ. ಆ ನೀರು ಚೆನ್ನಾಗಿ ಉಪ್ಪಾದರೆ ಬೂಷ್ಟು, ಹುಳುಕು ಬೆಳೆಯಲು ಆಗುವುದಿಲ್ಲ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ, ಆದ್ದರಿಂದ ಉಪ್ಪು ಕಮ್ಮಿ ಹಾಕಿ ಎಣ್ಣೆ ಜಾಸ್ತಿ ಸುರಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಮನೆಯಲ್ಲಿ ಬಿಪಿ ಇರುವವರಿದ್ದರೆ ಉಪ್ಪು ಇಳಿಸುವುದಕ್ಕಿಂತ ತಟ್ಟೆಗೆ ಹಾಕಿಕೊಳ್ಳುವ ಹೋಳು ಇಳಿಸುವುದು ವಾಸಿ.

ಎಣ್ಣೆಯ ಕೆಲಸ ಬೇರೆ. ಬೂಷ್ಟಿಗೆ ಗಾಳಿ ಬೇಕು, ಎಣ್ಣೆ ಆ ಗಾಳಿಯನ್ನು ತಡೆಯುತ್ತದೆ. ಹೋದ ವರ್ಷ ಹಾಕಿದ್ದ ಒಂದು ಲೋಟ ಎಣ್ಣೆಯನ್ನು ಸಾಸಿವೆ ಪುಡಿಯೇ ಕುಡಿದುಬಿಟ್ಟಿತ್ತು, ಮೇಲಿನ ಹೋಳುಗಳು ಬರಿಮೈಯಲ್ಲಿದ್ದವು. ಉಪ್ಪೂ ಕಮ್ಮಿ, ಎಣ್ಣೆಯೂ ಕಮ್ಮಿ. ಈ ಸಲ ಮೊದಲ ದಿನ ಕಲಸುವಾಗ ಒಂದು ಲೀಟರ್ ಮಾತ್ರ ಹಾಕಿ ಉಳಿದದ್ದನ್ನು ಎತ್ತಿಟ್ಟೆವು. ಮೂರನೇ ದಿನ ಹೋಳು ನೀರು ಬಿಟ್ಟು ಕುಗ್ಗಿರುತ್ತದೆ. ಅವತ್ತು ತಳದಿಂದ ತಿರುವಿ, ಒತ್ತಿ, ಉಳಿದ ಎಣ್ಣೆ ಹಾಕಬೇಕು. ಮಾರುವ ಉಪ್ಪಿನಕಾಯಿಗೆ ಸರ್ಕಾರದ ಆಹಾರ ಸುರಕ್ಷತೆ ನಿಯಮದಲ್ಲೂ ಮೇಲೆ ಅರ್ಧ ಸೆಂಟಿಮೀಟರ್ ಎಣ್ಣೆ ನಿಲ್ಲಬೇಕು, ಇಲ್ಲವೇ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತು ಪಾಲಾದರೂ ಎಣ್ಣೆ ಇರಬೇಕು ಅಂತಿದೆ. ಮನೆಯಲ್ಲಿ ಒಂದು ಬೆರಳಗಲ ನಿಂತರೆ ನಿಶ್ಚಿಂತೆ. ನಿಲ್ಲದಿದ್ದರೆ ಇನ್ನಷ್ಟು ಎಣ್ಣೆ ಕಾಯಿಸಿ, ಪೂರ್ತಿ ಆರಿಸಿ ಹಾಕಿ.

ಇಷ್ಟೆಲ್ಲ ಸರಿ ಇದ್ದರೂ ನೀರಿನ ಪಸೆ ಕೆಡಿಸುತ್ತದೆ. ತೊಳೆದ ಕಾಯಿಯನ್ನು ಬಟ್ಟೆಯಲ್ಲಿ ಒರೆಸಿ, ಆರಿದ ಮೇಲೆಯೇ ಕತ್ತರಿಸಬೇಕು. ಜಾಡಿ, ಸೌಟು ಒಣಗಿರಬೇಕು. ಒದ್ದೆ ಕೈ ಜಾಡಿಗೆ ಇಳಿದರೆ ಆ ಜಾಗದ ಉಪ್ಪು ತೆಳ್ಳಗಾಗುತ್ತದೆ. ಬೂಷ್ಟು ಬಂದರೆ ಮೇಲಿನದ್ದು ಕೆರೆದು ಉಳಿದದ್ದು ತಿನ್ನಬೇಡಿ, ಅದು ಒಳಗೂ ಇಳಿದಿರುತ್ತದೆ.

ಮೂರನೇ ದಿನ ಬೆಳಿಗ್ಗೆ ಜಾಡಿ ತೆಗೆಯುವ ಹೊತ್ತಿಗೆ ಅತ್ತಿಗೆ ಅಡುಗೆಮನೆಯ ಹೊಸ್ತಿಲ ಆಚೆ ನಿಂತಿದ್ದಳು. ‘ಅತ್ತೆ, ನಾನು ಇವತ್ತು...’ ಅಂದು ನಿಲ್ಲಿಸಿದಳು. ಅವ್ವ ಜಾಡಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾವೂ ಬಾಯಿ ಹಾಕಲಿಲ್ಲ.

‘ಕೈಯಲ್ಲಿ ನೀರಿನ ಪಸೆ ಇಲ್ಲ ತಾನೆ?’ ಅಂದರು.

‘ಇಲ್ಲ ಅತ್ತೆ.’

‘ಬಾ ಮತ್ತೆ, ನೀನೇ ತಿರುವು. ನನ್ನ ತೋಳು ನೋಯ್ತದೆ.’