ಎರಡು ಬಾಗಿಲಿನ ಪ್ರಶ್ನೆ

ಕಾಲೇಜಿನ ಹಿಂಭಾಗದ ಗೇಟಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಸರ್ಕಾರಿ ಪ್ರೌಢಶಾಲೆಯವರು ವಾರ್ಷಿಕೋತ್ಸವಕ್ಕೆ ಒಂದು ಕ್ವಿಜ್ ಬರೆದುಕೊಡಿ ಅಂತ ನಮ್ಮ ಕನ್ನಡ ಸಂಘವನ್ನು ಕೇಳಿದ್ದರು. ವಿಷಯ ಅವರದ್ದೇ: ಬೇರೆ ಬೇರೆ ದಶಕಗಳ ಜನಪ್ರಿಯ ಟಿವಿ ಧಾರಾವಾಹಿಗಳು. ಒಟ್ಟು ಮೂರು ತಂಡ. ಒಂದೊಂದು ತಂಡದಲ್ಲೂ ಒಬ್ಬ ವಿದ್ಯಾರ್ಥಿ, ಅವರ ಮನೆಯ ಒಬ್ಬ ಅಪ್ಪ ಅಥವಾ ಅಮ್ಮ, ಒಬ್ಬ ಅಜ್ಜಿ ಅಥವಾ ತಾತ. ಕೋಲಾಟ ಮುಗಿದು ಬಹುಮಾನ ವಿತರಣೆ ಶುರುವಾಗೋ ಮಧ್ಯೆ 25 ನಿಮಿಷ.

ಎಚ್.ಎಂ. ಮೇಡಂ ಹಾಕಿದ ಷರತ್ತು ಒಂದೇ. "ವೇದಿಕೆ ಮೇಲೆ ಯಾರೂ ಪೆಚ್ಚಾಗಬಾರದು. ಈ ಅಜ್ಜಿಯಂದಿರು ಜೀವಮಾನದಲ್ಲಿ ಮೈಕ್ ಹಿಡಿದವರಲ್ಲ. ಮೊಮ್ಮಗನ ಎದುರು 'ಗೊತ್ತಿಲ್ಲ' ಅನ್ನಿಸಿ ಕಳಿಸಿದ್ರೆ ಮುಂದಿನ ವರ್ಷ ಶಾಲೆ ಕಡೆ ಬರೋದಿಲ್ಲ."

ಮೊದಲು ಲೆಕ್ಕ ಹಾಕಿದೆವು. ನಾಲ್ಕು ದಶಕ, ಮೂರು ತಂಡ, ಹನ್ನೆರಡು ಪ್ರಶ್ನೆ. ಪ್ರಶ್ನೆ ಓದಲು 20 ಸೆಕೆಂಡ್, ಯೋಚಿಸಲು 20, ಉತ್ತರ ಹೇಳಿ ಅದರ ಬಗ್ಗೆ ಎರಡು ಮಾತಾಡಲು 40. ಅಂದರೆ ಪ್ರಶ್ನೆಗೆ 80 ಸೆಕೆಂಡ್, ಒಟ್ಟು 16 ನಿಮಿಷ. ಉಳಿದ ಒಂಬತ್ತು ನಿಮಿಷ ತಂಡದ ಪರಿಚಯಕ್ಕೆ, ಅಂಕ ಬರೆಯೋಕೆ, ಮೈಕ್ ಕೈಯಿಂದ ಕೈಗೆ ಹೋಗೋಕೆ. ಆ ಕೊನೆಯದ್ದು ಸಣ್ಣ ವಿಷಯ ಅಲ್ಲ. ಮೈಕ್ ಒಂದೇ ಇದ್ದರೆ ಅದು ವೇದಿಕೆ ದಾಟೋದರಲ್ಲೇ ಕ್ವಿಜ್ ಮುಗಿದುಹೋಗುತ್ತೆ. ತಂಡಕ್ಕೊಂದು ಬೇಕೇ ಬೇಕು ಅಂತ ಮೊದಲ ಸಾಲಲ್ಲೇ ಬರೆದೆವು.

ಆಮೇಲೆ ನಿಜವಾದ ತಲೆನೋವು. ದಶಕ ದಶಕ ಅಂತ ಪ್ರಶ್ನೆ ಹಂಚಿದರೆ, ಎಂಬತ್ತರದ್ದು ಅಜ್ಜಿಗೆ ಮಾತ್ರ ಗೊತ್ತಿರುತ್ತೆ, ಈಚಿನದ್ದು ಮಗುವಿಗೆ ಮಾತ್ರ. ಒಬ್ಬರು ಉತ್ತರ ಹೇಳುವಾಗ ಇನ್ನಿಬ್ಬರು ಸೀಲಿಂಗ್ ನೋಡ್ತಾ ಕೂತಿರ್ತಾರೆ. ಅದು ತಂಡ ಅಲ್ಲ, ಬಸ್‌ಸ್ಟ್ಯಾಂಡ್.

ಇದನ್ನು ಬಿಡಿಸಲು ನಮಗೆ ದಾರಿ ತೋರಿಸಿದ್ದು 'ಮಾಲ್ಗುಡಿ ಡೇಸ್'. ಎಂಬತ್ತರ ದಶಕ ಅಂದಮೇಲೆ ಅದು ಇರಲೇಬೇಕು. "ನಿರ್ದೇಶಕರು ಯಾರು?" ಅಂತ ಬರೆದು, ನಮ್ಮ ಹಾಸ್ಟೆಲ್ ಮೆಸ್ಸಿನಲ್ಲಿ ಅಡುಗೆ ಮಾಡುವ ಅಕ್ಕನ ಮೇಲೆ ಪ್ರಯೋಗ ಮಾಡಿದೆವು. ಪ್ರಶ್ನೆ ಅರ್ಧ ಇರುವಾಗಲೇ "ಶಂಕರಣ್ಣ" ಅಂದರು. ಉತ್ತರ ಪ್ರಶ್ನೆಗಿಂತ ಮೊದಲೇ ಬಂದರೆ ಸಭೆಯಲ್ಲಿ ಯಾರಿಗೂ ಏನೂ ಸಿಗೋದಿಲ್ಲ. ಮೇಲಾಗಿ 2006ರಲ್ಲಿ ಅದರ ಮುಂದುವರಿದ ಕಂತುಗಳನ್ನು ಕವಿತಾ ಲಂಕೇಶ್ ನಿರ್ದೇಶಿಸಿದ್ದಾರೆ. ಸಭೆಯಲ್ಲಿ ಒಬ್ಬರಾದರೂ ತಿಳಿದವರು ಎದ್ದು ನಿಂತು "ಯಾವ ಮಾಲ್ಗುಡಿ?" ಅಂದರೆ ಅಲ್ಲಿಗೆ ಮುಗೀತು.

"ಅದು ಮೊದಲು ಯಾವ ಭಾಷೆಯಲ್ಲಿ ಬಂತು?" ಅಂತ ತಿರುಗಿಸಿದೆವು. ಇದು ಕ್ವಿಜ್ ಮಾಡೋರಿಗೆ ಬಹಳ ಇಷ್ಟವಾದ ಬಲೆ. ನಟರು ನಮ್ಮವರು, ನೆಲ ನಮ್ಮದು, ಎಲ್ಲರೂ ಕನ್ನಡ ಅಂತಾರೆ. ಆದರೆ 1986ರಲ್ಲಿ ದೂರದರ್ಶನದಲ್ಲಿ ಬಂದದ್ದು ಹಿಂದಿಯಲ್ಲಿ. ಸರಿ, ಆದರೆ 2020ರ ಲಾಕ್‌ಡೌನ್ ಹೊತ್ತಲ್ಲಿ ಅದು ಕನ್ನಡಕ್ಕೆ ಡಬ್ ಆಗಿ ಬಂತು. ಈಗ ಎಂಟನೇ ಕ್ಲಾಸಲ್ಲಿರುವ ಹುಡುಗ ಅದನ್ನು ಕನ್ನಡದಲ್ಲೇ ನೋಡಿರ್ತಾನೆ. ತನ್ನ ಕಣ್ಣಾರೆ ಕಂಡದ್ದನ್ನು ಹೇಳಿದ ಹುಡುಗನಿಗೆ "ತಪ್ಪು ಉತ್ತರ" ಅಂತ ಗಂಟೆ ಬಾರಿಸೋದು ಯಾವ ನ್ಯಾಯ? ಬಿಟ್ಟೆವು.

ಕೊನೆಗೆ ಉಳಿದದ್ದು ಇದು. ಸ್ಕ್ರಿಪ್ಟಿನಲ್ಲಿ ಇದ್ದ ಹಾಗೇ ಕೊಡ್ತಿದ್ದೇವೆ.

ಪ್ರಶ್ನೆ: ಮಾಲ್ಗುಡಿ ಎಂಬ ಊರು ಯಾವ ಭೂಪಟದಲ್ಲೂ ಇಲ್ಲ. ಆದರೆ ಶಂಕರ್ ನಾಗ್ ಅವರು ಶಿವಮೊಗ್ಗ ಜಿಲ್ಲೆಯ ಒಂದು ನಿಜವಾದ ಊರನ್ನೇ ಮಾಲ್ಗುಡಿ ಮಾಡಿದರು. ಆ ಊರನ್ನು ದಕ್ಷಿಣದ ಚಿರಾಪುಂಜಿ ಎಂದೂ ಕರೆಯುತ್ತಾರೆ. ಯಾವ ಊರು?
ಸುಳಿವು: ಆ ಊರಿನ ಸೂರ್ಯಾಸ್ತ ನೋಡಲು ಜನ ಬರುತ್ತಾರೆ. ಪಕ್ಕದ ಘಾಟಿ ಇಳಿದರೆ ಉಡುಪಿ ಕಡೆಗೆ ದಾರಿ.
ಒಪ್ಪುವ ಉತ್ತರ: ಆಗುಂಬೆ.
ಉತ್ತರವಾದ ಮೇಲೆ: "ಆ ಧಾರಾವಾಹಿಯನ್ನು ಆಗ ಎಲ್ಲಿ ಕೂತು ನೋಡಿದ್ರಿ ಅಜ್ಜಿ?"

ಧಾರಾವಾಹಿ ನೋಡಿದ ಅಜ್ಜಿ ಒಂದು ಬಾಗಿಲಿಂದ ಬರ್ತಾರೆ, ಭೂಗೋಳ ಓದಿದ ಮೊಮ್ಮಗ ಇನ್ನೊಂದು ಬಾಗಿಲಿಂದ ಬರ್ತಾನೆ, ಇಬ್ಬರೂ ಒಂದೇ ನಡುಮನೆಯಲ್ಲಿ ಸಿಗ್ತಾರೆ. ಇಂಥದ್ದಕ್ಕೆ ನಾವು ಎರಡು ಬಾಗಿಲಿನ ಪ್ರಶ್ನೆ ಅಂತ ಹೆಸರಿಟ್ಟುಕೊಂಡೆವು. ಹೆಸರು ದೊಡ್ಡದಾಯ್ತು, ಇರಲಿ. ಅಂದಹಾಗೆ 'ಕರ್ನಾಟಕದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರು' ಅಂತ ಬರೆಯದೇ 'ಎಂದೂ ಕರೆಯುತ್ತಾರೆ' ಅಂದದ್ದಕ್ಕೆ ಕಾರಣ ಇದೆ. ಹುಲಿಕಲ್‌ನಂಥ ಕಡೆ ಆಗುಂಬೆಗಿಂತ ಜಾಸ್ತಿ ಮಳೆ ದಾಖಲಾದ ವರ್ಷಗಳಿವೆ. ಹಾಗೆ ಕರೀತಾರೆ ಅನ್ನೋದನ್ನ ಮಾತ್ರ ಯಾರೂ ಅಲ್ಲಗಳೆಯೋಕಾಗಲ್ಲ.

ಆಮೇಲೆ ಉಳಿದ ಪ್ರಶ್ನೆಗಳನ್ನೆಲ್ಲ ಇದೇ ಅಚ್ಚಿಗೆ ತಂದೆವು. ಬಿ.ಆರ್. ಚೋಪ್ರಾ ಅವರ 'ಮಹಾಭಾರತ'ವನ್ನೂ 'ಶಕ್ತಿಮಾನ್' ಅನ್ನೂ ಒಂದೇ ಪ್ರಶ್ನೆಯಲ್ಲಿ ಕಟ್ಟಿದೆವು. 'ಒಂದು ಧಾರಾವಾಹಿಯಲ್ಲಿ ಬಾಣಗಳ ಹಾಸಿಗೆಯ ಮೇಲೆ ಮಲಗಿದ, ಇನ್ನೊಂದರಲ್ಲಿ ಗಿರಗಿರ ತಿರುಗಿ ಹಾರಿದ ನಟನ ಆ ಎರಡು ಪಾತ್ರ ಯಾವುವು?' ಅಜ್ಜಿ ಭೀಷ್ಮ ಅಂದರೆ ಅರ್ಧ ಅಂಕ, ಅಪ್ಪ ಶಕ್ತಿಮಾನ್ ಅಂದರೆ ಇನ್ನರ್ಧ. ಮುಕೇಶ್ ಖನ್ನಾ ಅನ್ನೋ ಹೆಸರು ಬರದಿದ್ದರೂ ನಷ್ಟ ಇಲ್ಲ. ಪ್ರಯೋಗಕ್ಕೆ ಸಿಕ್ಕ ಒಬ್ಬ ಹುಡುಗಿ ತಕ್ಷಣ ತಿರುಗಿ ಕೇಳಿದಳು: "ಮಹಾಭಾರತ ಅಂದ್ರೆ ಯಾವ್ದಣ್ಣ? ಸುವರ್ಣದಲ್ಲಿ ಬಂತಲ್ಲ, ಅದಾ?" ಅವಳು ಕೇಳಿದ್ದು ಸರಿ. 2013ರ ಹಿಂದಿ ಮಹಾಭಾರತ 2020ರಲ್ಲಿ ಡಬ್ ಆಗಿ ಬಂದದ್ದೇ ಅವಳ ಪಾಲಿನ ಮಹಾಭಾರತ. ಉತ್ತರಕ್ಕೆ ಬದಲು ಮರುಪ್ರಶ್ನೆ ಬಂತು ಅಂದರೆ ಪ್ರಶ್ನೆಯಲ್ಲೇ ಏನೋ ಒಂದು ಪದ ಕಮ್ಮಿ ಇದೆ ಅಂತ ಅರ್ಥ. '1988ರಲ್ಲಿ ಶುರುವಾದ' ಅನ್ನೋ ಎರಡು ಪದ ಸೇರಿಸಿದ ಮೇಲೆ ಯಾರೂ ತಿರುಗಿ ಕೇಳಲಿಲ್ಲ.

ದಶಕದ ಗಡಿಗೂ ಇದೇ ತಕರಾರು. ಆ ಮಹಾಭಾರತ ಮುಗಿದದ್ದು 1990ರಲ್ಲಿ, ಎಂಬತ್ತರದ್ದೋ ತೊಂಬತ್ತರದ್ದೋ? ಮೊದಲ ಕಂತು ಯಾವ ವರ್ಷ ಬಂತೋ ಅದೇ ದಶಕ ಅಂತ ನಿಯಮ ಬರೆದು, ನಿರೂಪಕರು ಅದನ್ನು ಶುರುವಿನಲ್ಲೇ ಓದಬೇಕು ಅಂದೆವು. 'ಯಾವ ಚಾನೆಲ್?' ಅನ್ನೋ ಜಾತಿಯ ಪ್ರಶ್ನೆಗಳನ್ನು ಪೂರ್ತಿ ಕೈಬಿಟ್ಟೆವು. 2015ರಲ್ಲಿ ಈಟಿವಿ ಕನ್ನಡ ಕಲರ್ಸ್ ಕನ್ನಡ ಆಯ್ತು. 2012ರಲ್ಲಿ ಶುರುವಾದ 'ಪುಟ್ಟಗೌರಿ ಮದುವೆ' ಹಳೇ ಹೆಸರಲ್ಲಿ ಹುಟ್ಟಿ ಹೊಸ ಹೆಸರಲ್ಲಿ ಬೆಳೆದದ್ದು. ಅಮ್ಮ ಒಂದು ಹೇಳ್ತಾರೆ, ಮಗಳು ಇನ್ನೊಂದು ಹೇಳ್ತಾಳೆ, ಇಬ್ಬರೂ ಸರಿ. ವೇದಿಕೆ ಮೇಲೆ ಮನೆಜಗಳ ಯಾಕೆ?

ನಮಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು 'ಮ'ಕಾರದ ಪ್ರಶ್ನೆ. ಮಾಯಾಮೃಗ, ಮನ್ವಂತರ, ಮುಕ್ತ, ಮಗಳು ಜಾನಕಿ. ಈ ನಾಲ್ಕಕ್ಕೂ ಸಮಾನವಾದ ಎರಡು ಸಂಗತಿ ಹೇಳಿ. ಮಗು ಅಕ್ಷರ ನೋಡುತ್ತೆ, ಅಮ್ಮ ಟಿ.ಎನ್. ಸೀತಾರಾಂ ಅಂತಾರೆ. 'ನಿರ್ದೇಶಕರು ಒಬ್ಬರೇ' ಅಂತ ಮಾತ್ರ ಬರೆಯಲಿಲ್ಲ, ಯಾಕಂದ್ರೆ ಮಾಯಾಮೃಗಕ್ಕೆ ಅವರ ಜೊತೆ ಪಿ. ಶೇಷಾದ್ರಿ, ನಾಗೇಂದ್ರ ಶಾ ಇಬ್ಬರೂ ನಿರ್ದೇಶಕರು. 'ಸಿಲ್ಲಿ ಲಲ್ಲಿ'ಯ ಡಾಕ್ಟರ್ ವಿಠಲ್ ರಾವ್ ಪ್ರಶ್ನೆಗೆ ಸುಳಿವೇ ಬೇಡ ಅಂದರು ಮೆಸ್ಸಿನ ಅಕ್ಕ. ಅವರ ಮಾತು ಕೇಳಿ ಸುಳಿವು ತೆಗೆದೆವು.

ಬಹಳ ಹೊತ್ತು ಚರ್ಚೆ ಆದದ್ದು ಪುಟ್ಟಗೌರಿಯ ಬಗ್ಗೆ. ಅದು ಹಿಂದಿಯ 'ಬಾಲಿಕಾ ವಧು'ವಿನ ಕನ್ನಡ ರೂಪ, ಚಿಕ್ಕ ವಯಸ್ಸಲ್ಲೇ ಮದುವೆಯಾದ ಹುಡುಗಿಯ ಕಥೆ. ನಮ್ಮಲ್ಲಿ ಒಬ್ಬರು "ಉತ್ತರವಾದ ಮೇಲೆ ಅಜ್ಜಿಗೆ ಎಷ್ಟನೇ ವಯಸ್ಸಲ್ಲಿ ಮದುವೆ ಆಯ್ತು ಅಂತ ಕೇಳೋಣ, ಚೆನ್ನಾಗಿರುತ್ತೆ" ಅಂದರು. ಮೇಡಂ ಆ ಸಾಲನ್ನು ಕೆಂಪು ಪೆನ್ನಲ್ಲಿ ಹೊಡೆದರು. "ಅವರು ಹದಿಮೂರು ಅಂದ್ರೆ ಕೂತವರು ನಗ್ತಾರೆ. ಹಿಂದಿನ ಸಾಲಲ್ಲಿ ಅದೇ ವಯಸ್ಸಿನ ನನ್ನ ಹುಡುಗಿಯರು ಕೂತಿರ್ತಾರೆ." ಪ್ರಶ್ನೆಯನ್ನೇ ತೆಗೆಯೋಣವಾ ಅಂದೆವು. ಬೇಡ, ತಿರುಗಿಸಿ ಅಂದರು. ಹೀಗೆ ತಿರುಗಿತು: 'ಪುಟ್ಟಗೌರಿಯಂಥ ಮದುವೆ ಇವತ್ತು ನಮ್ಮ ಬೀದಿಯಲ್ಲಿ ನಡೀತಿದೆ ಅಂತ ಗೊತ್ತಾದರೆ, ಯಾವ ನಾಲ್ಕಂಕಿ ನಂಬರಿಗೆ ಫೋನ್ ಮಾಡಬೇಕು?' ಆ ನಂಬರು, 1098, ಶಾಲೆಯ ಗೋಡೆ ಮೇಲೇ ಬರೆದಿದೆ. ಹನ್ನೆರಡರಲ್ಲಿ ಮಕ್ಕಳು ದೊಡ್ಡವರಿಗೆ ಹೇಳಿಕೊಡುವ ಪ್ರಶ್ನೆ ಇದೊಂದೇ.

ಶೀರ್ಷಿಕೆ ಗೀತೆ ಕೇಳಿಸಿ ಗುರುತಿಸಿ ಅನ್ನೋ ಸುತ್ತನ್ನು ಹಾಕಲಿಲ್ಲ. ಶಾಮಿಯಾನದ ಕೆಳಗೆ ಸ್ಪೀಕರಿನ ಸದ್ದು ಗುಂಯ್ ಅನ್ನುತ್ತೆ, ಹಾಡು ಯಾವುದು ಅಂತ ಹಾಡಿದವರಿಗೇ ಗೊತ್ತಾಗಲ್ಲ. ಬದಲಿಗೆ ಎಲ್. ವೈದ್ಯನಾಥನ್ ಅವರ ಮಾಲ್ಗುಡಿ ರಾಗವನ್ನು ಸಂಗೀತದ ಟೀಚರ್ ಮೈಕಿನಲ್ಲಿ ಗುನುಗುವುದು ಅಂತಾಯ್ತು. ಅದು ಅಂಕಕ್ಕಲ್ಲ, ಸಭೆಗೆ.

ಕಾರ್ಯಕ್ರಮದ ದಿನ ಆಗುಂಬೆ ಪ್ರಶ್ನೆಗೆ ಉತ್ತರ ಹೇಳಿದ್ದು ಹುಡುಗ. "ಎಲ್ಲಿ ಕೂತು ನೋಡಿದ್ರಿ ಅಜ್ಜಿ?" ಅಂತ ನಿರೂಪಕಿ ಕೇಳಿದ್ದಕ್ಕೆ ಅಜ್ಜಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಊರಿಗೆಲ್ಲ ಒಂದೇ ಟಿವಿ ಇದ್ದದ್ದು, ಆ ಮನೆಯವರು ಇವರನ್ನು ಒಳಗೆ ಸೇರಿಸದೆ ಕಿಟಕಿ ಹೊರಗೆ ನಿಲ್ಲಿಸುತ್ತಿದ್ದದ್ದು, ಮಳೆ ಬಂದರೂ ನಿಂತೇ ನೋಡುತ್ತಿದ್ದದ್ದು, ಎಲ್ಲ ಹೇಳಿದರು. 40 ಸೆಕೆಂಡಿನ ಜಾಗದಲ್ಲಿ ಮೂರು ನಿಮಿಷ ಹೋಯ್ತು. ಸ್ಕ್ರಿಪ್ಟಿನ ಅಂಚಿನಲ್ಲಿ 'ಹಿರಿಯರು ಮಾತಾಡುವಾಗ ತಡೆಯಬೇಡಿ, ಬೇಕಾದರೆ ಹನ್ನೆರಡನೇ ಪ್ರಶ್ನೆ ಬಿಡಿ' ಅಂತ ಬರೆದಿದ್ದೆವು. ನಿರೂಪಕಿ ಬಿಟ್ಟಳು.

ಹಾಗಾಗಿ ಎರಡು ತಂಡ ಸಮ ಬಂದವು. ಅದಕ್ಕೂ ಒಂದು ಪ್ರಶ್ನೆ ಇಟ್ಟಿದ್ದೆವು: ಚೋಪ್ರಾ ಮಹಾಭಾರತದ ಕಂತುಗಳು ಎಷ್ಟು? ಚೀಟಿಯಲ್ಲಿ ಬರೆಯಬೇಕು, ಹತ್ತಿರ ಬಂದವರು ಗೆದ್ದಂತೆ. ಒಂದು ತಂಡ 100 ಅಂತ ಬರೆಯಿತು, ಇನ್ನೊಂದು 108. ಸರಿ ಉತ್ತರ 94. ಬಹುಮಾನ 'ಥಟ್ ಅಂತ ಹೇಳಿ' ಮಾದರಿಯಲ್ಲಿ ಪುಸ್ತಕಗಳು. ಸೋತ ಎರಡು ತಂಡಕ್ಕೂ ಒಂದೊಂದು ಕೊಟ್ಟರು.